ಅಡಿಬರಹವೂ ಹಣೆಬರಹವೂ

ತುಟಿ ಆಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಇಂಥ ಚಿತ್ರಗಳನ್ನು ನಾವು ಈಗ ದಿನಕ್ಕೆ ಎಷ್ಟು ನೋಡುತ್ತೇವೆಂಬುದನ್ನು ಯಾರಾದರೂ ಲೆಕ್ಕವಿಟ್ಟಿದ್ದಾರೋ ಇಲ್ಲವೋ ತಿಳಿಯದು. ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಗುಮಾಸ್ತರು ಇನ್ನೊಂದು ಕೈಯಲ್ಲಿ ಫೋನು ಹಿಡಿದು ನೋಡುತ್ತಾರೆ. ಪಕ್ಕದವರಿಗೆ ತೊಂದರೆಯಾಗಬಾರದೆಂದು ಸದ್ದು ಅಡಗಿಸಿರುತ್ತಾರೆ. ಮಗುವನ್ನು ಆಗತಾನೆ ಮಲಗಿಸಿದ ತಾಯಿ ನೋಡುತ್ತಾಳೆ. ಆಸ್ಪತ್ರೆಯ ಹೊರಬೆಂಚಿನಲ್ಲಿ ತಮ್ಮ ಸರದಿಗಾಗಿ ಕಾದವರು ನೋಡುತ್ತಾರೆ. ಕಿವಿ ಕೇಳಿಸದವರಂತೂ ಸದಾಕಾಲವೂ ಹೀಗೆಯೇ ನೋಡಬೇಕು. 2013ರ ಸುಮಾರಿಗೆ ಫೇಸ್‌ಬುಕ್ಕಿನಲ್ಲಿ ಚಿತ್ರಗಳು ಯಾರೂ ಮುಟ್ಟದೆ ತಮ್ಮಷ್ಟಕ್ಕೆ ತಾವೇ, ಅದೂ ಮೂಕವಾಗಿ, ಓಡತೊಡಗಿದ ಮೇಲೆ ಈ ನೋಟ ನಮಗೆ ಅಭ್ಯಾಸವಾಗಿಹೋಗಿದೆ.

ಮೂಕಚಿತ್ರವೇನೂ ನಮಗೆ ಹೊಸದಲ್ಲ. 1913ರಲ್ಲಿ ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂದಾಗ ಹರಿಶ್ಚಂದ್ರನೂ ಮೂಕ, ವಿಶ್ವಾಮಿತ್ರನೂ ಮೂಕ. ಕನ್ನಡದ ತೆರೆಗೆ ಮಾತು ಬಂದದ್ದು 1934ರ ‘ಸತಿ ಸುಲೋಚನಾ’ದಲ್ಲಿ. ಅದಕ್ಕೆ ಮುಂಚಿನ ಚಿತ್ರಗಳಲ್ಲಿ ದೃಶ್ಯಗಳ ನಡುವೆ ಬರಹದ ಫಲಕವೊಂದು ಬರುತ್ತಿತ್ತು. ಆ ಕಾಲದವರು ಒಂದು ವಿಷಯದಲ್ಲಿ ನಮಗಿಂತ ಪುಣ್ಯವಂತರು. ಫಲಕ ಬಂದಾಗ ಆಟ ನಿಲ್ಲುತ್ತಿತ್ತು. ಅದನ್ನು ಓದಿ ಮುಗಿಸಿದ ಮೇಲೆ ಮತ್ತೆ ಆಟ. ಈಗಿನ ಅರೆನಿಮಿಷದ ಚಿತ್ರಗಳಲ್ಲಿ ಬರಹವು ಆಟದ ಮೈಮೇಲೆಯೇ ಬಂದು ಕೂರುತ್ತದೆ. ಇರುವುದು ಎರಡೇ ಕಣ್ಣು; ಅವು ಓದಬೇಕೋ, ನೋಡಬೇಕೋ?

ಇಂಥ ಚಿತ್ರಕ್ಕೆ ಬರಹ ಎರಡು ಕಡೆ ಇರುತ್ತದೆ. ಚಿತ್ರದ ಮೇಲೆಯೇ, ಸಾಮಾನ್ಯವಾಗಿ ಮೇಲ್ಭಾಗದಲ್ಲಿ, ಮೂಡಿ ಮರೆಯಾಗುವ ಸಾಲುಗಳು ಒಂದು. ಚಿತ್ರದ ಬುಡದಲ್ಲಿ ಸಣ್ಣಗೆ ಕಾಣುವ ಸಾಲುಗಳು ಇನ್ನೊಂದು. ಮೊದಲನೆಯದನ್ನು ನಾನು ಹಣೆಬರಹವೆಂದೂ ಎರಡನೆಯದನ್ನು ಅಡಿಬರಹವೆಂದೂ ಕರೆದುಕೊಂಡಿದ್ದೇನೆ. ಹೆಸರಿನಲ್ಲಿ ಸ್ವಲ್ಪ ಚೇಷ್ಟೆಯಿದ್ದರೂ ಸುಳ್ಳಿಲ್ಲ. ಅಡಿಬರಹವನ್ನು ಎಂದು ಬೇಕಾದರೂ ತಿದ್ದಬಹುದು. ಇನ್‌ಸ್ಟಾಗ್ರಾಮಿನಂಥ ಕಡೆ ಚಿತ್ರದ ಮೇಲೆ ಬರೆದದ್ದನ್ನು ಪ್ರಕಟಿಸಿದ ಮೇಲೆ ತಿದ್ದುವಂತಿಲ್ಲ. ಚಿತ್ರವನ್ನೇ ತೆಗೆದು ಹೊಸದಾಗಿ ಏರಿಸಬೇಕು. ಹಣೆಯಲ್ಲಿ ಬರೆದದ್ದು ಅಳಿಸದು ಎಂಬ ಮಾತು ಹೀಗೂ ನಿಜವಾಯಿತು.

ಕನ್ನಡ ಪಾಠ ಹೇಳುವ ನನಗೆ ಈ ವಿಚಾರದಲ್ಲಿ ತಲೆಹಾಕುವ ಪ್ರಸಂಗ ಬಂದದ್ದು ತಂಗಿಯ ಮಗಳಿಂದ. ಮೈಸೂರಿನ ನಮ್ಮ ಬೀದಿಗೆ ಕಲಾಯಿ ಹಾಕುವ ಸಾಹೇಬರೊಬ್ಬರು ವರ್ಷಕ್ಕೆ ಎರಡು ಮೂರು ಸಲ ಬರುತ್ತಾರೆ. ಕಲಾಯಿ ಕಾಣದೆ ಬೆಳೆದ ಹುಡುಗಿಗೆ ಅದು ಇಂದ್ರಜಾಲದಂತೆ ಕಂಡಿತು. ಮೂವತ್ತೆಂಟು ಸೆಕೆಂಡಿನ ಚಿತ್ರ ತೆಗೆದು, ಅಡಿಬರಹವೊಂದನ್ನು ಅಂಟಿಸಿ ಪ್ರಕಟಿಸಿಬಿಟ್ಟಳು. ಎರಡು ದಿನ ಕಳೆದು ಸಪ್ಪೆ ಮುಖ ಹಾಕಿಕೊಂಡು ಬಂದಳು.

“ಮಾವ, ಜನ ಸಾಹೇಬರನ್ನು ಬೈಯುತ್ತಿದ್ದಾರೆ.”

ನೋಡಿದೆ. ಪಾತ್ರೆಗೆ ಬೆಳ್ಳಿಬಣ್ಣ ಬಳಿದು ಮೋಸ ಮಾಡುತ್ತಿದ್ದಾನೆ ಎಂದು ಒಬ್ಬರು ಬರೆದಿದ್ದರು. ಇದು ಸೀಸ, ಇದರಲ್ಲಿ ಅಡಿಗೆ ಮಾಡಿ ಮಕ್ಕಳಿಗೆ ವಿಷ ಹಾಕಬೇಡಿ ಎಂದು ಇನ್ನೊಬ್ಬರು. ಅದರ ಕೆಳಗೆ ಹೌದು ಹೌದು ಎಂದು ತಲೆದೂಗಿದವರು ಹಲವರು. ಹಿಂದಿನ ಬೀದಿಯ ಮನೆಯೊಂದರವರು, ಹಬ್ಬಕ್ಕೆ ಮುಂಚೆ ಆರು ಪಾತ್ರೆ ಕೊಡುತ್ತೇವೆಂದು ಹೇಳಿದ್ದವರು, ಈಗ ಬೇಡವೆಂದು ಸಾಹೇಬರಿಗೆ ಹೇಳಿಕಳಿಸಿದ್ದರು. ಮೂವತ್ತೆಂಟು ಸೆಕೆಂಡಿನ ಆಟ ಒಬ್ಬರ ಅನ್ನದ ತಟ್ಟೆಗೆ ಕೈಹಾಕಿತ್ತು.

ಸೋಜಿಗವೆಂದರೆ ಆ ಆಕ್ಷೇಪಕ್ಕೆ ಉತ್ತರ ಚಿತ್ರದೊಳಗೇ ಇತ್ತು. ಸದ್ದು ತೆರೆದು ನೋಡಿದೆ. ಮೊದಲ ನಾಲ್ಕು ಸೆಕೆಂಡು ಸಾಹೇಬರು ಗಾಳಿಯಂತ್ರ ತಿರುಗಿಸಿ ಇದ್ದಲು ಕೆರಳಿಸುತ್ತಾರೆ. ಆಮೇಲೆ ಬೆರಳು ಗಾತ್ರದ ಬಿಳಿ ಲೋಹದ ಕಡ್ಡಿಯೊಂದನ್ನು ಫೋನಿನ ಹತ್ತಿರ ತಂದು ಮೆಲ್ಲಗೆ ಬಗ್ಗಿಸುತ್ತಾರೆ. ಕಿರ್ ಕಿರ್ ಎಂಬ ಸಣ್ಣ ಸದ್ದು, ಒಣ ಎಲೆ ತುಳಿದಂತೆ. “ಕೇಳಿಸ್ತೇನಮ್ಮಾ?” ಎನ್ನುತ್ತಾರೆ. ಬಳಿಕ ಹಿತ್ತಾಳೆಯ ಕೊಳದಪ್ಪಲೆ ಬೆಂಕಿಯ ಮೇಲೆ. ಬಿಸಿಯಾದ ಒಳಮೈಗೆ ಕಡ್ಡಿ ಮುಟ್ಟಿಸಿದರೆ ಅದು ಬೆಣ್ಣೆಯಂತೆ ಕರಗುತ್ತದೆ. ನವಸಾಗರದ ಪುಡಿ ಉದುರಿಸಿದರೆ ದಟ್ಟವಾಗಿ ಬಿಳಿಹೊಗೆ ಏಳುತ್ತದೆ. ಹತ್ತಿಯ ಮುದ್ದೆಯಿಂದ ಒರಸುತ್ತ ಬಂದರೆ ಕಪ್ಪಾಗಿದ್ದ ಒಳಮೈ ಕನ್ನಡಿಯಾಗುತ್ತದೆ. ಕೊನೆಗೆ ನೀರಿನಲ್ಲಿ ಅದ್ದಿ ಎತ್ತಿ ತೋರಿಸುತ್ತಾರೆ.

ಆ ಕಿರುಗುಟ್ಟುವಿಕೆಯೇ ಸಾಕ್ಷಿ. ತವರವನ್ನು ಬಗ್ಗಿಸಿದಾಗ ಅದರೊಳಗಿನ ಹರಳುಗಳು ದಿಕ್ಕು ಬದಲಿಸಿಕೊಳ್ಳುವುದರಿಂದ ಸದ್ದಾಗುತ್ತದೆಂದು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರು ವಿವರಿಸಿದರು. ಇಂಗ್ಲಿಷಿನಲ್ಲಿ ಇದಕ್ಕೆ ತವರದ ಕೂಗು ಎಂದೇ ಹೆಸರಂತೆ. ಸೀಸ ಬಗ್ಗಿಸಿದರೆ ಹೀಗೆ ಕೂಗುವುದಿಲ್ಲ. ಸಾಹೇಬರು ಪುಸ್ತಕ ಓದದೆ, ತಂದೆಯ ಕೈಕೆಳಗೆ ಕಲಿತ ಪರೀಕ್ಷೆ ಇದು. ತಮ್ಮ ಪ್ರಾಮಾಣಿಕತೆಗೆ ಅವರು ಕೊಟ್ಟ ಪುರಾವೆ ಒಂದು ಸದ್ದು. ಆ ಪುರಾವೆ ಮಂಡಿತವಾದದ್ದು ಕಿವಿಯಿಲ್ಲದ ನ್ಯಾಯಾಲಯದಲ್ಲಿ.

ಇನ್ನು ಹುಡುಗಿಯ ಅಡಿಬರಹ. ಅದು ಹೀಗಿತ್ತು: “ಅಬ್ಬಾ! ನಮ್ಮ ಬೀದಿಗೆ ಬಂದ ಈ ಅಪರೂಪದ ಕುಶಲಕರ್ಮಿಯ ಅದ್ಭುತ ಕೈಚಳಕವನ್ನು ಕೊನೆಯವರೆಗೂ ನೋಡಿದರೆ ನೀವೂ ಬೆರಗಾಗುತ್ತೀರಿ!” ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ, ಪರೀಕ್ಷೆಯಲ್ಲಾದರೆ ಅಂಕ ಕೊಡುತ್ತಿದ್ದೆ. ಆದರೆ ಇದರಲ್ಲಿ ಕಲಾಯಿ ಎಂಬ ಮಾತಿಲ್ಲ, ತವರವಿಲ್ಲ, ಪಾತ್ರೆಯೂ ಇಲ್ಲ. ಅಬ್ಬಾ, ಅಪರೂಪ, ಅದ್ಭುತ, ಬೆರಗು ಎಂಬ ನಾಲ್ಕನ್ನೂ ಆನೆಯ ಚಿತ್ರದ ಕೆಳಗೂ ಹಾಕಬಹುದು, ಆಕಾಶಬುಟ್ಟಿಯ ಕೆಳಗೂ ಹಾಕಬಹುದು. ಎಲ್ಲಿಗೂ ಹೊಂದುವ ಮಾತು ಎಲ್ಲಿಯೂ ಕೆಲಸ ಮಾಡುವುದಿಲ್ಲ. ನೋಡುವವನು ಬೆರಗಾಗಬೇಕೆಂದು ಅಪ್ಪಣೆ ಮಾಡಿದ್ದಾಯಿತೇ ಹೊರತು ಯಾತಕ್ಕೆ ಬೆರಗಾಗಬೇಕೆಂದು ಹೇಳಿದ್ದಾಗಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದಿತ್ತು. ಅಡಿಬರಹಕ್ಕೆ ಇನ್‌ಸ್ಟಾಗ್ರಾಮು 2,200 ಅಕ್ಷರದವರೆಗೆ ಅವಕಾಶ ಕೊಡುತ್ತದೆ. ಆದರೆ ಬಿಚ್ಚದೆ ಕಾಣುವುದು ಒಂದು ತುಂಡು ಸಾಲು ಮಾತ್ರ. ಮಿಕ್ಕದ್ದು ಮೂರು ಚುಕ್ಕೆಗಳ ಹಿಂದೆ ಅಡಗಿರುತ್ತದೆ. ಅವಳ ಫೋನಿನಲ್ಲಿ ಕಂಡದ್ದು “ಅಬ್ಬಾ! ನಮ್ಮ ಬೀದಿಗೆ ಬಂದ ಈ ಅಪರೂಪದ…” ಅಷ್ಟೇ. ಏನು ಬಂತು? ಆನೆಯೋ, ಅಮ್ಮನವರ ಉತ್ಸವವೋ?

ಇಲ್ಲಿ ಕನ್ನಡದ ಜಾಯಮಾನವೇ ನಮಗೆ ಅಡ್ಡ ಬರುತ್ತದೆ. ಇಂಗ್ಲಿಷಿನ ವಾಕ್ಯದಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬಂದು ನಿಲ್ಲುತ್ತದೆ. ವಾಕ್ಯವನ್ನು ನಡುವೆ ಕತ್ತರಿಸಿದರೂ ಯಾರು ಏನು ಮಾಡಿದರೆಂಬುದು ಉಳಿದಿರುತ್ತದೆ. ನಮ್ಮ ಕ್ರಿಯಾಪದವಾದರೋ ಗೂಡ್ಸ್ ರೈಲಿನ ಗಾರ್ಡಿನಂತೆ ಕೊನೆಯ ಡಬ್ಬಿಯಲ್ಲಿ ಬರುವಂಥದು. ವಿಶೇಷಣಗಳ ಡಬ್ಬಿಗಳು ಒಂದಾದ ಮೇಲೊಂದು ಸಾಗಿ, ಗಾರ್ಡಿನ ಮುಖ ಕಾಣುವ ಮುಂಚೆಯೇ ಗೇಟು ಬಿದ್ದುಬಿಡುತ್ತದೆ. ಆದುದರಿಂದ ಕನ್ನಡದ ಅಡಿಬರಹದ ಮೊದಲ ವಾಕ್ಯ ನಾಲ್ಕೈದು ಪದಗಳಲ್ಲಿ ಮುಗಿಯಬೇಕು, ಕ್ರಿಯಾಪದವೂ ಅಷ್ಟರೊಳಗೇ ಬಂದಿರಬೇಕು. ಬೀದಿ, ಊರು, ಹೊಗಳಿಕೆ ಇವೆಲ್ಲ ಎರಡನೆಯ ವಾಕ್ಯಕ್ಕೆ ಕಾಯಬಹುದು.

ತಿದ್ದುವ ಮೊದಲು ಒಂದು ಪರೀಕ್ಷೆ ಮಾಡಿಸಿದೆ. ಕಲಾಯಿ ಎಂದರೇನೆಂದು ತಿಳಿಯದ ಗೆಳತಿಯೊಬ್ಬಳಿಗೆ ಸದ್ದು ಮುಚ್ಚಿ, ಬರಹವನ್ನೂ ಮುಚ್ಚಿ ಚಿತ್ರ ತೋರಿಸು. ಏನು ಕಂಡಿತೆಂದು ಕೇಳಿ, ಅವಳು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ಬಾ ಎಂದೆ. ಬಂದ ವರದಿ ಇದು: “ಯಾರೋ ಬೆಂಕಿ ಹಾಕುತ್ತಾರೆ. ಕಡ್ಡಿ ಮುರಿಯಲು ನೋಡಿ ಸೋಲುತ್ತಾರೆ. ಪಾತ್ರೆಯಿಂದ ಹೊಗೆ ಬರುತ್ತದೆ. ಬೆಳ್ಳಿಬಣ್ಣ ಹಚ್ಚುತ್ತಾರೆ.” ಬೈದವರು ಕೆಟ್ಟವರೇನಲ್ಲ, ಅವರಿಗೆ ಕಂಡದ್ದೂ ಇಷ್ಟೇ ಎಂಬುದು ಆಗ ಸ್ಪಷ್ಟವಾಯಿತು. ಕಣ್ಣಿಗೆ ತಾನೇ ಕಾಣದ್ದು ಮೂರು: ಈ ಕೆಲಸದ ಹೆಸರು, ಈ ಲೋಹದ ಹೆಸರು, ಆ ಸದ್ದು. ಬರೆಯಬೇಕಾದ್ದು ಈ ಮೂರೇ. ಬೆಂಕಿ, ಹೊಳಪು, ಕೈಚಳಕ ಇವು ತಮ್ಮಷ್ಟಕ್ಕೆ ತಾವೇ ಕಾಣುತ್ತವೆ. ಅವನ್ನು ಬರೆದರೆ ಎದುರಿಗೆ ಕೂತವರಿಗೆ ಅವರ ಊಟವನ್ನೇ ವರ್ಣಿಸಿದಂತೆ.

ಹುಡುಗಿ ಮೊದಲು ಸಾಹೇಬರ ಮಾತನ್ನು ಹಾಗೆಯೇ ಚಿತ್ರದ ಮೇಲೆ ಅಚ್ಚುಮಾಡಿದಳು. ಕಡ್ಡಿ ಬಗ್ಗುವಾಗ “ಕೇಳಿಸ್ತೇನಮ್ಮಾ?” ಎಂದು ಅಕ್ಷರ ಮೂಡಿತು. ಮೂಕಚಿತ್ರ ನೋಡುತ್ತಿರುವವನನ್ನು ಕೇಳಿಸಿತೇ ಎಂದು ಕೇಳುವುದಕ್ಕಿಂತ ದೊಡ್ಡ ಗೇಲಿ ಯಾವುದಿದೆ? ಆಡಿದ ಮಾತನ್ನು ಬರೆದರೆ ಸಾಲದು. ಮಾತು ಯಾವ ಸದ್ದನ್ನು ತೋರಿಸುತ್ತಿದೆಯೋ ಆ ಸದ್ದನ್ನೂ ಬರೆಯಬೇಕೆಂಬುದು ಅವಳಿಗೇ ಹೊಳೆಯಿತು.

ರಸಾಯನಶಾಸ್ತ್ರದ ಮಿತ್ರರು ತಾವೂ ಒಂದು ಅಡಿಬರಹ ಬರೆದುಕೊಟ್ಟರು: “ತಾಮ್ರ ಮತ್ತು ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಲೇಪನವನ್ನು ನೀಡುವ ಪಾರಂಪರಿಕ ವಿಧಾನವಾದ ಕಲಾಯಿಯಲ್ಲಿ…” ಎಲ್ಲವೂ ಸತ್ಯ, ಸಂದರ್ಭವೂ ಸಂಪೂರ್ಣ, ಆದರೆ ಬಸ್ಸಿನಲ್ಲಿ ನಿಂತವರ ಹೆಬ್ಬೆರಳು ಇಷ್ಟು ಕಾಯುವುದಿಲ್ಲ. ಹುಡುಗಿ ಇದಕ್ಕೆ ಪ್ರತಿಯಾಗಿ “ಈ ಕಡ್ಡಿಯೊಳಗೆ ಏನು ಅಡಗಿದೆ ಗೊತ್ತಾ?” ಎಂದು ಬರೆದಳು. ಇದರಲ್ಲಿ ಗಾಳವಿದೆ, ಎರೆಯಿಲ್ಲ. ಕಡ್ಡಿಯೊಳಗೆ ಏನೂ ಅಡಗಿಲ್ಲ. ಕೊನೆಯವರೆಗೂ ನೋಡಿದವನು ಮೋಸಹೋದೆನೆಂದು ತಿಳಿದು, ಸಿಟ್ಟನ್ನು ಮತ್ತೆ ಸಾಹೇಬರ ಮೇಲೆಯೇ ತೀರಿಸಿಕೊಂಡಾನು.

ನೋಡುವವರನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಹೇಗಿರಬೇಕೆಂಬುದಕ್ಕೆ ನಾವು ಒಂದು ನಿಯಮ ಮಾಡಿಕೊಂಡೆವು. ಪ್ರಶ್ನೆಗೆ ಚಿತ್ರವೇ ಉತ್ತರ ಕೊಡಬೇಕು, ಅದೂ ಬೇಗನೆ ಕೊಡಬೇಕು. ಅಂಥ ಪ್ರಶ್ನೆಯನ್ನು ನಾವು ಹುಡುಕಬೇಕಾಗಿಯೇ ಇರಲಿಲ್ಲ, ಬೈದವರೇ ಕೊಟ್ಟಿದ್ದರು. ಇದು ಸೀಸವಲ್ಲವೇ? ಇದಕ್ಕಿಂತ ಒಳ್ಳೆಯ ಮೊದಲ ಸಾಲು ಬೇರೆ ಇಲ್ಲ. ಜನರ ಸಂಶಯವನ್ನು ನಾವೇ ಅವರಿಗಿಂತ ಮುಂಚೆ ಕೇಳಿಬಿಟ್ಟರೆ ಅವರು ಉತ್ತರಕ್ಕಾಗಿ ನಿಲ್ಲುತ್ತಾರೆ.

ಕೊನೆಗೆ ನಿಂತ ಹಣೆಬರಹ ಹೀಗೆ. ಗಾಳಿಯಂತ್ರ ತಿರುಗುವ ಮೊದಲ ನಾಲ್ಕು ಸೆಕೆಂಡು: “ಕಲಾಯಿಗೆ ಹಚ್ಚುವುದು ತವರವೋ, ಸೀಸವೋ?” ಆಮೇಲೆ ಸಾಹೇಬರು ಕಡ್ಡಿ ಎತ್ತಿಕೊಳ್ಳುವಾಗ: “ತವರ ಬಗ್ಗಿಸಿದರೆ ಕಿರುಗುಟ್ಟುತ್ತದೆ.” ಕಡ್ಡಿ ಬಗ್ಗುವ ಗಳಿಗೆಯಲ್ಲಿ ವಾಕ್ಯವೇ ಇಲ್ಲ, ಕಡ್ಡಿಯ ಪಕ್ಕದಲ್ಲಿ “ಕಿರ್… ಕಿರ್…” ಎಂಬುದಷ್ಟೇ. ಏಕೆಂದರೆ ಆಗ ಕಣ್ಣು ಕಡ್ಡಿಯ ಮೇಲಿರಬೇಕು, ಅಕ್ಷರದ ಮೇಲಲ್ಲ. ಬರಹ ಕೆಲಸಕ್ಕಿಂತ ಮುಂಚೆ ಬಂದು, ಎಲ್ಲಿ ನೋಡಬೇಕೆಂದು ತೋರಿಸಿ, ಪಕ್ಕಕ್ಕೆ ಸರಿಯಬೇಕು. ಹೊಗೆ ಏಳುವಾಗ “ಬಿಳಿಹೊಗೆ ನವಸಾಗರದ್ದು” ಎಂದು ಒಂದು ಸಾಲು. ಅಲ್ಲಿಂದ ಕೊನೆಯವರೆಗೆ ಒಂದು ಅಕ್ಷರವೂ ಇಲ್ಲ. ಪಾತ್ರೆ ಹೊಳೆಯುವಾಗ ಮಾತೇತಕ್ಕೆ?

ಪ್ರತಿಯೊಂದು ಸಾಲನ್ನೂ ಗಡಿಯಾರ ಹಿಡಿದು ಪರೀಕ್ಷಿಸಿದೆವು. ಸಾಲು ತೆರೆಯ ಮೇಲೆ ಇರುವಷ್ಟು ಹೊತ್ತಿನಲ್ಲಿ ಅವಸರವಿಲ್ಲದೆ ಮನಸ್ಸಿನಲ್ಲೇ ಎರಡು ಸಲ ಓದಿಕೊಳ್ಳುವಂತಿರಬೇಕು. ಬರೆದವರು ಓದಿ ನೋಡಿದರೆ ಈ ಪರೀಕ್ಷೆ ಸುಳ್ಳಾಗುತ್ತದೆ, ಅವರಿಗೆ ಪಾಠ ಬಾಯಿಗೆ ಬಂದಿರುತ್ತದೆ. ಅದಕ್ಕಾಗಿ ನನ್ನ ತಂಗಿಯಿಂದ ಓದಿಸಿದೆವು. ಅವಳು ಕನ್ನಡಕ ಹುಡುಕಿದ ಕೂಡಲೇ ಇನ್ನೊಂದು ತೊಡಕು ಬಯಲಾಯಿತು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಬೀಳುತ್ತವೆ. ಅಂಗೈಯಷ್ಟು ತೆರೆಯಲ್ಲಿ “ಹಚ್ಚುವುದು” ಎಂಬುದರ ಒತ್ತು ಕೆಳಸಾಲಿನ ತಲೆಕಟ್ಟಿಗೆ ಹೋಗಿ ಅಂಟಿಕೊಂಡಿತ್ತು. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಟ್ಟ ಮೇಲೆ ಸರಿಹೋಯಿತು. ಬಿಳಿಹೊಗೆಯ ಮೇಲೆ ಬಿಳಿ ಅಕ್ಷರ ಕರಗಿಹೋಗುತ್ತಿದ್ದುದರಿಂದ ಹಿಂದೆ ಕಪ್ಪುಪಟ್ಟಿ ಹಾಕಿದಳು. ತೆರೆಯ ಬುಡದಲ್ಲಿ ಅಡಿಬರಹವೂ ಬಲ ಅಂಚಿನಲ್ಲಿ ಗುಂಡಿಗಳೂ ಕೂತಿರುವುದರಿಂದ ಎಲ್ಲವನ್ನೂ ಮೇಲಕ್ಕೆ, ನಡುವಿಗೆ ಸರಿಸಿದಳು.

ಅಡಿಬರಹ ಹೀಗಾಯಿತು: “ಸೀಸ ಕೂಗುವುದಿಲ್ಲ, ತವರ ಕೂಗುತ್ತದೆ. ಮೈಸೂರಿನ ನಮ್ಮ ಬೀದಿಯಲ್ಲಿ ಹಿತ್ತಾಳೆಯ ಕೊಳದಪ್ಪಲೆಗೆ ಕಲಾಯಿ. ಹುಳಿ, ಮಜ್ಜಿಗೆಗಳು ಹಿತ್ತಾಳೆಗೆ ತಾಕಿ ಕಿಲುಬದಂತೆ ಒಳಮೈಗೆ ತವರ ಬಳಿಯುತ್ತಾರೆ. ಸದ್ದು ತೆರೆದು ಕಡ್ಡಿಯ ಕೂಗು ಕೇಳಿ.” ಹುಡುಗಿ ಮೊದಲು “ತವರ ಕೂಗುತ್ತದೆ” ಎಂದೇ ಆರಂಭಿಸಿದ್ದಳು. ತವರು ನೆನಪಾಗಿ ಹೆಣ್ಣುಮಕ್ಕಳು ಕಣ್ಣೀರು ಹಾಕಿಯಾರು, ಸೀಸವನ್ನು ಮುಂದಕ್ಕೆ ತಾ ಎಂದೆ. ಜನರ ಮನಸ್ಸಿನಲ್ಲಿದ್ದ ಮಾತೂ ಅದೇ ಆದ್ದರಿಂದ ಮೊದಲ ತುಂಡಿಗೆ ಅದೇ ತಕ್ಕದ್ದೂ ಆಯಿತು. ಮೂರು ಚುಕ್ಕೆ ಎಲ್ಲಿ ಬಿದ್ದರೂ “ಸೀಸ ಕೂಗುವುದಿಲ್ಲ” ಎಂಬ ಪೂರ್ಣ ವಾಕ್ಯ ಉಳಿಯುತ್ತದೆ.

ಒಂದು ಮಾತಿಗೆ ಮಾತ್ರ ನಮ್ಮಲ್ಲಿ ವಾದವಾಯಿತು. “ನೂರಕ್ಕೆ ನೂರು ಶುದ್ಧ ತವರ” ಎಂದು ಸೇರಿಸೋಣ, ಜನರ ಬಾಯಿ ಮುಚ್ಚುತ್ತದೆ ಎಂದಳು. ಸಾಹೇಬರನ್ನೇ ಕೇಳಿದೆವು. ಅವರು ಇದ್ದಲು ಕೆದಕುತ್ತ ಹೇಳಿದರು: “ಹಂಗೆ ಬರೀಬೇಡಿ ಮೇಷ್ಟ್ರೇ. ಕಡ್ಡಿ ನಾನು ಅಂಗಡಿಯಿಂದ ತರೋದು. ಸೀಸ ಜಾಸ್ತಿ ಸೇರಿದ್ರೆ ಕೂಗು ಅಡಗ್ತದೆ, ಆ ಕಡ್ಡಿ ನಾನು ಮುಟ್ಟಲ್ಲ. ಒಂದು ಚಿಟಿಕೆ ಸೇರಿದ್ರೆ ನನ್ನ ಕಿವಿಗೂ ಗೊತ್ತಾಗಲ್ಲ.” ರಸಾಯನಶಾಸ್ತ್ರದ ಮಿತ್ರರೂ ಅದನ್ನೇ ಒಪ್ಪಿದರು, ಅಲ್ಪಸ್ವಲ್ಪ ಸೀಸವನ್ನು ಹಿಡಿಯಲು ಪ್ರಯೋಗಶಾಲೆಯೇ ಬೇಕು. ಸದ್ದು ಎಷ್ಟು ಹೇಳುತ್ತದೆಯೋ ಬರಹವೂ ಅಷ್ಟೇ ಹೇಳಬೇಕು. “ಶುದ್ಧ” ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಹಳೆಯ ಚಿತ್ರವನ್ನು ತೆಗೆಯುವುದೆಂದರೆ ಅದಕ್ಕೆ ಬಂದಿದ್ದ ನೋಟಗಳ ಎಣಿಕೆಯನ್ನೂ ಕಳೆದುಕೊಳ್ಳುವುದು. ಹುಡುಗಿ ಒಂದು ರಾತ್ರಿ ಯೋಚಿಸಿ, ಬೆಳಗ್ಗೆ ತೆಗೆದಳು. ಹೊಸದಕ್ಕೆ ಬಂದ ನೋಟಗಳು ಹಳೆಯದಕ್ಕಿಂತ ಕಡಿಮೆಯೇ. ಆದರೆ ಕೆಳಗೆ ಬಂದ ಮಾತುಗಳ ಬಣ್ಣ ಬೇರೆಯಾಗಿತ್ತು. ಬೆಳ್ಳಿಬಣ್ಣದ ಆರೋಪ ಮತ್ತೆ ಬರಲಿಲ್ಲ. ತಮ್ಮ ಅಜ್ಜಿಯ ಮನೆಯ ಪಾತ್ರೆ ನೆನೆದವರಿದ್ದರು. ನವಸಾಗರದ ಹೊಗೆ ಮೂಗಿಗೆ ಹತ್ತದಂತೆ ದೂರ ನಿಲ್ಲಿ ಎಂದು ಎಚ್ಚರಿಸಿದವರಿದ್ದರು. ಒಬ್ಬರು “ಸ್ವಲ್ಪವೇ ಸೀಸ ಬೆರೆತಿದ್ದರೆ?” ಎಂದು ಕೇಳಿದ್ದರು. ಹುಡುಗಿ ಸಾಹೇಬರ ಮಾತನ್ನೇ ಉತ್ತರವಾಗಿ ಬರೆದಳು. ಬೈಗುಳಿದ್ದ ಕಡೆ ಪ್ರಶ್ನೆ ಬಂದದ್ದು ನನಗೆ ಸಣ್ಣ ಸಂಗತಿಯೆನಿಸಲಿಲ್ಲ.

ಹಿಂದಿನ ಬೀದಿಯವರು ಆರರಲ್ಲಿ ನಾಲ್ಕು ಪಾತ್ರೆ ಕಳಿಸಿದರು. ಪಾತ್ರೆ ತಂದ ಆ ಮನೆಯ ಯಜಮಾನರು ಬೆಂಕಿ ಹೊತ್ತಿಸುವ ಮುಂಚೆ ಸಾಹೇಬರ ಮುಂದೆ ಕುಕ್ಕರಗಾಲಿನಲ್ಲಿ ಕೂತು, “ಎಲ್ಲಿ, ಆ ಕಡ್ಡಿ ಕೊಡಿ” ಎಂದು ಕೈಚಾಚಿದರು. ತಾವೇ ಬಗ್ಗಿಸಿ, ಕಿವಿಯ ಬಳಿ ಹಿಡಿದು, ಕೇಳಿದರು. ಉಳಿದೆರಡು ಪಾತ್ರೆಗಳನ್ನು ಮಧ್ಯಾಹ್ನ ಮಗನ ಕೈಯಲ್ಲಿ ಕಳಿಸಿಕೊಟ್ಟರು.